ಹಣಮಂತಮ್ಮನ ನೀಲಿ ಗಾಡಿ ಮತ್ತು ಶುಕ್ರವಾರದ ವೇಗ

ಯಾದಗಿರಿಯಲ್ಲಿ ‘ಮೌನೇಶ್ವರ ಗೂಡ್ಸ್ ಸರ್ವಿಸ್’ ಎಂಬ ಬೋರ್ಡಿನ ಕೆಳಗೆ ಅರ್ಧ ನಿಮಿಷ ನಿಂತರೆ ಸಾಕು, ಮೌನ ಇರುವುದು ಬೋರ್ಡಿನಲ್ಲಿ ಮಾತ್ರ ಎಂದು ಗೊತ್ತಾಗುತ್ತದೆ. ಒಳಗೆ ಕಬ್ಬಿಣದ ಟೇಬಲ್ಲಿನ ಹಿಂದೆ ಕುಳಿತಿರುವಾಕೆ ಹಣಮಂತಮ್ಮ. ಆಕೆಗೆ ಎರಡು ಪಿಕಪ್ ಗಾಡಿಗಳಿವೆ. ಒಂದರ ಸಾಮಾನು ಹೇರುವ ಹಿಂಭಾಗಕ್ಕೆ ನೀಲಿ ಬಣ್ಣ, ಇನ್ನೊಂದಕ್ಕೆ ಹಸಿರು. ಹಾಗಾಗಿ ನಂಬರ್ ಪ್ಲೇಟು ಪೊಲೀಸರಿಗೆ. ಊರಿನವರಿಗೆಲ್ಲ ಅವು ‘ನೀಲಿ’ ಮತ್ತು ‘ಹಸರ’.

ಈ ವ್ಯಾಪಾರ ಶುರು ಮಾಡಿದ್ದು ಆಕೆಯ ಗಂಡ ಮರಿಲಿಂಗಪ್ಪ. ಆತನಿಗೆ ಗಾಡಿ ಓಡಿಸಲು ಚೆನ್ನಾಗಿ ಬರುತ್ತಿತ್ತು, ಬಾಡಿಗೆ ಕೇಳಲು ಬರುತ್ತಿರಲಿಲ್ಲ. “ಇರಲಿ ಬಿಡ್ರಿ, ಆಮ್ಯಾಲ ಕೊಡ್ರಿ” ಎನ್ನುವುದೇ ಆತನ ವ್ಯವಹಾರ ಜ್ಞಾನ. ಹಣಮಂತಮ್ಮ ಒಂದು ದಿನ ಗಂಡನನ್ನು ರಾಮಸಮುದ್ರದ ಹೊಲಕ್ಕೆ ಪ್ರೀತಿಯಿಂದ ಬೀಳ್ಕೊಟ್ಟು ಕುರ್ಚಿ ಹಿಡಿದಳು. ಮರಿಲಿಂಗಪ್ಪ ಈಗ ಹತ್ತಿ ಗಿಡಗಳ ನಡುವೆ ಸುಖವಾಗಿದ್ದಾನೆ. ಹತ್ತಿ ಗಿಡದ ಹತ್ತಿರ ಬಾಡಿಗೆ ಕೇಳಬೇಕಾಗಿಲ್ಲವಲ್ಲ.

ಆಕೆಯ ಕಚೇರಿಯ ಕಾನೂನು ಒಂದೇ: ಒಂದು ಗಾಡಿಗೆ ಒಬ್ಬನೇ ಡ್ರೈವರ್. ನೀಲಿ ಮುಷರಫನದು, ಹಸಿರು ಸಾಯಿಕುಮಾರನದು. ಗೆರೆ ಬಿದ್ದರೆ, ಟೈರು ಸವೆದರೆ, ಕನ್ನಡಿ ಮುರಿದರೆ ಯಾರನ್ನು ಬೈಯಬೇಕೆಂದು ಯೋಚಿಸುವಷ್ಟು ಹೊತ್ತು ಆಕೆಗಿಲ್ಲ. “ನನ್ನ ಗಾಡಿ ಹೊಸಾ ಹೆಂಡತಿ ಇದ್ದಂಗ, ಕಡಾ ಕೊಡಾಂಗಿಲ್ಲ” ಎಂದು ಸಾಯಿಕುಮಾರ ಒಮ್ಮೆ ಜಂಬ ಕೊಚ್ಚಿದಾಗ ಆಕೆ, “ಹಂಗಾದ್ರ ದಿನಾ ಮೈ ತೊಳಿ, ಹೆಂಡತಿ ಮೈಮ್ಯಾಲ ಇಷ್ಟು ಕೆಸರು ಇರ್ತೈತೇನು?” ಎಂದಿದ್ದಳು. ಅಂದಿನಿಂದ ಹಸಿರು ಗಾಡಿ ದಿನಾ ಸ್ನಾನ ಮಾಡುತ್ತದೆ.

ಗಾಡಿಗಳಿಗೆ ಜಿಪಿಎಸ್ ಬರಲು ಕಾರಣ ತತ್ತಿ. ಮೊಟ್ಟೆಗೆ ನಮ್ಮ ಕಡೆ ತತ್ತಿ ಅನ್ನುತ್ತೇವೆ. ತತ್ತಿ ಹೇರಿದ ಗಾಡಿ ಜೋರಾಗಿ ಓಡಿದರೆ ತತ್ತರಿಸುವುದು ವ್ಯಾಪಾರಿ. ಆ ವ್ಯಾಪಾರಿ ಮಸ್ತಾನಸಾಬ. ಯಾದಗಿರಿಯ ಅವರ ಗೋದಾಮಿನಿಂದ ಶಹಾಪುರ ಮತ್ತು ಸುರಪುರದ ಅಂಗಡಿಗಳಿಗೆ ತತ್ತಿ ಒಯ್ಯುವುದು ನೀಲಿ ಗಾಡಿಯ ನಿತ್ಯದ ಕೆಲಸ. ಹಣಮಂತಮ್ಮನ ವ್ಯಾಪಾರದ ಬೆನ್ನೆಲುಬೇ ಅದು. ಒಂದು ಬೆಳಿಗ್ಗೆ ಮಸ್ತಾನಸಾಬರು ಒಡೆದ ಮೊಟ್ಟೆಗಳ ಟ್ರೇ ಒಂದನ್ನು ತಂದು ಟೇಬಲ್ಲಿನ ಮೇಲಿಟ್ಟರು.

“ನೋಡ್ರಿ ಹಣಮಂತಮ್ಮಾರ. ಸುರಪುರದವ್ರು ವಾಪಸ್ ಕಳಿಸ್ಯಾರ. ನಾ ತತ್ತಿ ಕಳಿಸಿದ್ದೆ, ಅಲ್ಲಿ ಆಮ್ಲೆಟ್ ಮುಟ್ಟೈತಿ.”

“ರಸ್ತಾ ಹಂಗ ಐತಲ್ರಿ ಸಾಹುಕಾರ್ರ.”

“ರಸ್ತಾ ಹಳೇದು. ಒಡಿಯೂದು ಹೊಸಾದು. ನಿಮ್ಮ ಹುಡುಗ್ರು ರೇಸ್ ಹಚ್ಯಾರ. ಬ್ಯಾರೆ ಟ್ರಾನ್ಸ್‌ಪೋರ್ಟಿನವ್ರು ಮೊಬೈಲ್‌ದಾಗ ಸ್ಪೀಡ್ ತೋರಿಸ್ತಾರಂತ. ನೀವೂ ಹಚ್ಚಸ್ರಿ. ಇಲ್ಲಾಂದ್ರ ನನಗ ಬ್ಯಾರೆ ಗಾಡಿ ನೋಡಾಕ ಹೇಳ್ರಿ.”

ಹಣಮಂತಮ್ಮ ಟ್ರೇ ನೋಡಿದಳು, ಅವರನ್ನು ನೋಡಿದಳು. “ಹಚ್ಚಸ್ತೀನಿ. ಅರವತ್ತರ ಮ್ಯಾಲ ಹೋದ ಸುದ್ದಿ ಮೂರು ಸಲ ಬಂತಂದ್ರ ಆ ಡ್ರೈವರ್ ಚಾವಿ ಇಟ್ಟು ಮನಿಗಿ ಹೋಗ್ತಾನ. ಯಾರ ಇರಲಿ. ನನ್ನ ಮಾತು.”

ಆಕೆಯ ಮಾತಿಗೆ ಯಾದಗಿರಿಯ ಮಾರ್ಕೆಟ್ಟಿನಲ್ಲಿ ಒಂದು ತೂಕವಿದೆ. ಬಾಗಿಲಲ್ಲಿ ನಿಂತಿದ್ದ ಇಬ್ಬರೂ ಡ್ರೈವರುಗಳು ಆ ತೂಕವನ್ನು ತಮ್ಮ ತಲೆಯ ಮೇಲೆ ಇಳಿಸಿಕೊಂಡು ಗಾಡಿಗಳ ಕಡೆ ನಡೆದರು.

ಮರುದಿನ ಫಿರೋಜ್ ಮಿಸ್ತ್ರಿ ಬಂದ. ಗಾಡಿಗಳ ವೈರಿಂಗ್ ಕೆಲಸದವನು. ಮಾತು ಕಡಿಮೆ, ಬಾಯಲ್ಲಿ ಸದಾ ಇನ್ಸುಲೇಶನ್ ಟೇಪಿನ ತುಂಡು ಇರುವುದರಿಂದ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕಪ್ಪು ಡಬ್ಬಿ ತೆಗೆದು ತೋರಿಸಿದ. ಅದರೊಳಗೆ ಒಂದು ಸಿಮ್ ಕಾರ್ಡ್ ಹಾಕಿದ.

“ಇಷ್ಟೇ ಏನು?” ಎಂದಳು ಹಣಮಂತಮ್ಮ.

“ಇಷ್ಟೇ ರಿ ಅಕ್ಕಾ. ಮ್ಯಾಲ ಉಪಗ್ರಹ ನೋಡಿ ತಾ ಎಲ್ಲಿ ಅದೀನಿ, ಎಷ್ಟು ಜೋರ ಹೊಂಟೀನಿ ಅಂತ ತಿಳ್ಕೊಂತೈತಿ. ಸಿಮ್‌ದಾಗಿನ ನೆಟ್ಟಿಂದ ಅದನ್ನ ಕಳಸ್ತೈತಿ. ನಿಮ್ಮ ಫೋನ್‌ನ್ಯಾಗ ಕಾಣ್ತೈತಿ.”

“ನೆಟ್ ಇಲ್ದ ಕಡೆ?”

“ಹೊಟ್ಯಾಗ ಇಟ್ಕೊಂಡಿರ್ತೈತಿ. ನೆಟ್ ಸಿಕ್ಕಕೂಡ್ಲೆ ಎಲ್ಲಾ ಒಮ್ಮೆ ಕಾರ್ತೈತಿ.”

“ನಮ್ಮ ಅತ್ತಿ ಇದ್ದಂಗ ಐತಿ” ಎಂದ ಸಾಯಿಕುಮಾರ. ನಂತರ ಜಿ, ಪಿ, ಎಸ್ ಮೂರೂ ಅಕ್ಷರಗಳನ್ನು ತಾನೇ ಬಿಡಿಸಿ ಹೇಳಿದ: “ಗಂಡಸರ ಪಿತ್ತ ಸುಡೂದು.”

ಫಿರೋಜ್ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಬಿಚ್ಚಿ ಮೂರು ವೈರುಗಳಿಗೆ ಜಾಗ ಹುಡುಕಿದ. ಕೆಂಪು ವೈರು ಫ್ಯೂಸ್ ಹಾಕಿಕೊಂಡು ಬ್ಯಾಟರಿಯ ಕರೆಂಟಿಗೆ, ಕಪ್ಪು ಬಾಡಿಯ ಅರ್ಥಿಂಗಿಗೆ. ಮೂರನೆಯದು ಚಾವಿಯ ಲೈನಿಗೆ. ಅದಕ್ಕಾಗಿ ಟೆಸ್ಟ್ ಲ್ಯಾಂಪ್ ಹಿಡಿದು ಮುಷರಫನಿಗೆ ಹತ್ತಾರು ಸಲ ಚಾವಿ ತಿರುಗಿಸಲು ಹೇಳಿದ. ಚಾವಿ ಹಾಕಿದಾಗ ದೀಪ ಹತ್ತಿ, ತೆಗೆದಾಗ ಆರುವ ವೈರೇ ಬೇಕು. “ಇದು ತಪ್ಪಿದ್ರ ಗಾಡಿ ನಿಂತದ್ದು ಗೊತ್ತಾಗಂಗಿಲ್ಲ. ವಾರಗಟ್ಲೆ ಒಂದ ಟ್ರಿಪ್ ನಡದೈತಿ ಅಂತ ತೋರಸ್ತೈತಿ” ಎಂದ. ಡಬ್ಬಿಯನ್ನು ಕಬ್ಬಿಣದ ಅಡಿ ಹುಗಿಯದೆ, ಗಾಜಿನ ಹತ್ತಿರ ಪ್ಲಾಸ್ಟಿಕ್ಕಿನ ಕೆಳಗೆ, ಮುಖ ಆಕಾಶಕ್ಕೆ ಮಾಡಿ ಅಂಟಿಸಿದ.

“ಬೇಕಂದ್ರ ಇನ್ನೊಂದು ರಿಲೇ ಹಾಕ್ತೀನ್ರಿ. ನೀವು ಇಲ್ಲಿ ಬಟನ್ ಒತ್ತಿದ್ರ ಅಲ್ಲಿ ಎಂಜಿನ್ ಬಂದ್ ಆಗ್ತೈತಿ.”

ಇಂಥ ಅಧಿಕಾರ ಸಿಕ್ಕರೆ ಬೇಡವೆನ್ನುವವರು ಕಡಿಮೆ. ಹಣಮಂತಮ್ಮ ಬೇಡವೆಂದಳು. “ಭೀಮಾ ಸೇತುವಿ ಮ್ಯಾಲ, ಹಿಂದ ಲಾರಿ ಬರೂ ಹೊತ್ತಿನ್ಯಾಗ ನನ್ನ ಕೈ ತಪ್ಪಿ ಬಟನ್ ಬಿತ್ತಂದ್ರ? ನನಗ ಗಾಡಿ ಎಲ್ಲೈತಿ ಅಂತ ಗೊತ್ತಾದ್ರ ಸಾಕು. ಹುಡುಗನ ಕೊಳ್ಳಿಗಿ ಹಗ್ಗ ಬ್ಯಾಡ.”

ನಂತರ ಆ್ಯಪ್. ಡಬ್ಬಿಯ ಮೇಲಿನ ಉದ್ದನೆಯ ಸಂಖ್ಯೆ ಹಾಕಿ ಎರಡೂ ಗಾಡಿಗಳನ್ನು ಸೇರಿಸಿದ್ದಾಯಿತು. ಬಯಲಿಗೆ ತಂದು ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಫೋನಿನ ನಕ್ಷೆಯಲ್ಲಿ ಎರಡು ಪುಟ್ಟ ಗಾಡಿಗಳು ಮೂಡಿದವು. ವೇಗದ ಮಿತಿ ಅರವತ್ತು ಎಂದು ಬರೆದರು. ಒಂದು ಕ್ಷಣ ದಾಟಿದ್ದಕ್ಕೆಲ್ಲ ಕೂಗಬಾರದು, ಕೆಲವು ಸೆಕೆಂಡು ಮೇಲೆಯೇ ಉಳಿದರೆ ಮಾತ್ರ ಕೂಗಲಿ ಎಂದೂ ಫಿರೋಜ್ ಹೊಂದಿಸಿದ. ‘ಡ್ರೈವರ್ ಹೆಸರು’ ಎಂಬ ಖಾಲಿ ಜಾಗ ಬಂತು. ಪಕ್ಕದ ಮನೆಯವನೆಂಬ ಕಾರಣಕ್ಕೆ, ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷು ಇಂಥದ್ದಕ್ಕಾದರೂ ಉಪಯೋಗವಾಗಲಿ ಎಂದು, ಅದನ್ನು ತುಂಬುವ ಕೆಲಸ ನನಗೆ ಬಿತ್ತು. ನೀಲಿ: ಮುಷರಫ. ಹಸಿರು: ಸಾಯಿಕುಮಾರ. ಒಂದು ಗಾಡಿಗೆ ಒಬ್ಬನೇ ಡ್ರೈವರ್ ತಾನೆ. ಯಾರಿಗೂ ಅನುಮಾನ ಬರಲಿಲ್ಲ.

ಮೊದಲ ವಾರ ಹಣಮಂತಮ್ಮ ಫೋನನ್ನು ಹಸುಗೂಸಿನಂತೆ ಹೊತ್ತು ತಿರುಗಿದಳು. ಅಲರ್ಟ್ ಬರಲಿ ಬಿಡಲಿ, ಗಾಡಿ ಐವತ್ತೆಂಟು ಮುಟ್ಟಿದರೆ ಸಾಕು, ಡ್ರೈವರಿಗೆ ಫೋನ್. ಒಂದು ಸಂಜೆ ಮುಷರಫ ಬಂದು ತಲೆ ಕೆರೆದುಕೊಂಡ.

“ಅಕ್ಕಾ, ಒಂದು ಮಾತು. ಹುಷಾರಾಗಿ ಹೋಗು ಅಂತ ಹೇಳಾಕ ನೀವು ಫೋನ್ ಮಾಡ್ತೀರಿ. ಅದನ್ನ ಎತ್ತಾಕ ನಾ ಒಂದು ಕೈ ಸ್ಟೇರಿಂಗ್ ಬಿಡಬೇಕು. ಹುಷಾರ ಎಲ್ಲಿ ಉಳೀತು?”

ಬೇರೆ ಮಾಲೀಕರಾಗಿದ್ದರೆ ಎದುರು ಮಾತಾಡುತ್ತೀಯಾ ಎನ್ನುತ್ತಿದ್ದರು. ಹಣಮಂತಮ್ಮ “ಖರೇ ಐತಿ” ಎಂದಳು. ಅಂದಿನಿಂದ ಗಾಡಿಯ ಚಾವಿ ತೆಗೆದ ಗುರುತು ಫೋನಿನಲ್ಲಿ ಬಂದ ಮೇಲೆಯೇ ಆಕೆ ಕರೆ ಮಾಡುವುದು. ಎಂಥ ಸಿಟ್ಟಿದ್ದರೂ ಅಲ್ಲಿಯವರೆಗೆ ನುಂಗಿಕೊಂಡಿರುತ್ತಾಳೆ. ಸಿಟ್ಟಿಗೂ ಪಾರ್ಕಿಂಗ್ ಜಾಗ ಹುಡುಕಿಕೊಟ್ಟ ಹೆಂಗಸು ಆಕೆ.

ನೀಲಿ ಗಾಡಿ ಶೋರೂಮಿನಿಂದ ಹೊರಬಿದ್ದ ದಿನದಿಂದಲೂ ಮುಷರಫನೇ ಅದರ ಡ್ರೈವರ್. ಹಂಪ್ ಕಂಡರೆ ಗಾಡಿಯನ್ನು ತೊಟ್ಟಿಲಿನಂತೆ ಇಳಿಸುವವನು. ಐವತ್ತರ ಆಸುಪಾಸಿನಲ್ಲೇ ಶಹಾಪುರ, ಅಲ್ಲಿಂದ ಸುರಪುರ, ಮತ್ತೆ ವಾಪಸ್. ಹಾಗಿರುವಾಗ ಡಬ್ಬಿ ಕೂರಿಸಿದ ಮೇಲಿನ ಮೊದಲ ಶುಕ್ರವಾರ ಮಧ್ಯಾಹ್ನ ಹಣಮಂತಮ್ಮನ ಫೋನು ಕಿರುಚಿತು. ‘ನೀಲಿ, ಮುಷರಫ, ವೇಗ 78.’ ಜಾಗ, ಶಹಾಪುರ ದಾಟಿ ಸುರಪುರದ ರಸ್ತೆ.

ಸಂಜೆ ಕೇಳಿದಳು. ಮುಷರಫ ನೆಲ ನೋಡಿದ. “ತಪ್ಪಾತ್ರಿ ಅಕ್ಕಾ.”

ಮುಂದಿನ ಶುಕ್ರವಾರವೂ ಅದೇ ರಸ್ತೆ, ಅದೇ ಕೂಗು, ಅದೇ “ತಪ್ಪಾತ್ರಿ.” ಮೂರನೆಯ ಶುಕ್ರವಾರ ಎಂಬತ್ತೊಂದು.

ಮಾತು ಕೊಟ್ಟಾಗಿತ್ತು. ಸಂಜೆ ಎರಡೂ ಗಾಡಿಗಳು ಬಂದವು. ಮಸ್ತಾನಸಾಬರು ಮೊದಲೇ ಬಂದು ಕುಳಿತಿದ್ದರು, ನಾನೂ ಇದ್ದೆ. ಸುದ್ದಿ ಅವರಿಗೆ ಹೇಗೆ ಮುಟ್ಟಿತೆಂದರೆ, ಹಣಮಂತಮ್ಮನೇ ಫೋನ್ ಮಾಡಿ ಹೇಳಿದ್ದಳು. ತನಗೆ ನಷ್ಟವಾಗುವ ಸುದ್ದಿಯನ್ನು ಗಿರಾಕಿಗೆ ತಾನೇ ತಿಳಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮುಷರಫ ಯಾರೂ ಕೇಳುವ ಮೊದಲೇ ನೀಲಿ ಗಾಡಿಯ ಚಾವಿಯನ್ನು ಟೇಬಲ್ಲಿನ ಮೇಲಿಟ್ಟ. ಸಾಯಿಕುಮಾರ ಅವನ ಹಿಂದೆ ಬಾಗಿಲ ಚೌಕಟ್ಟಿಗೆ ಒರಗಿ, ಅದನ್ನು ತಾನೇ ಎತ್ತಿ ಹಿಡಿದಿರುವವನಂತೆ ನಿಂತಿದ್ದ.

ಹಣಮಂತಮ್ಮ ಚಾವಿ ಮುಟ್ಟಲಿಲ್ಲ. “ಆರು ದಿನಾ ತೊಟ್ಟಲಾ ತೂಗಿದಂಗ ಓಡಸ್ತಿ. ಶುಕ್ರವಾರ ಮಧ್ಯಾಹ್ನ ಏನು ಮೈಯಾಗ ಬರ್ತೈತೋ ತಮ್ಮಾ?”

“ಏನಿಲ್ರಿ. ತಪ್ಪಾತ್ರಿ.”

“ನಿನ್ನ ತಪ್ಪಾತು ಕೇಳಿ ಕೇಳಿ ಸಾಕಾಗೈತಿ. ಇರು.”

ಅಲ್ಲಿಯವರೆಗೆ ಆಕೆ ನೋಡುತ್ತಿದ್ದದ್ದು ಅಲರ್ಟುಗಳನ್ನು ಮತ್ತು ಆಯಾ ಹೊತ್ತಿನ ನಕ್ಷೆಯನ್ನು ಮಾತ್ರ. ಆ ಸಂಜೆ ಟ್ರಿಪ್ ಹಿಸ್ಟರಿ ತೆರೆದಳು. ಗಾಡಿ ಎಲ್ಲಿ ಹೊರಟಿತು, ಎಲ್ಲಿ ಎಷ್ಟು ಹೊತ್ತು ನಿಂತಿತು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಬೇಕಾದರೆ ಅಂದಿನ ಓಟವನ್ನು ನಕ್ಷೆಯ ಮೇಲೆ ಮತ್ತೆ ಓಡಿಸಿಯೂ ನೋಡಬಹುದು. ನೀಲಿ ಗಾಡಿಯ ಶುಕ್ರವಾರವನ್ನು ಓಡಿಸಿದಳು. ಪುಟ್ಟ ಗಾಡಿ ಯಾದಗಿರಿ ಬಿಟ್ಟು, ಹೊಳೆ ದಾಟಿ, ದೋರನಹಳ್ಳಿ ಹಾದು ಶಹಾಪುರಕ್ಕೆ ಬಂತು. ಎರಡು ಅಂಗಡಿಗಳ ಮುಂದೆ ನಿಂತಿತು. ಆಮೇಲೆ ಮಸೀದಿಯ ಹತ್ತಿರ ನಿಂತು, ಉಸಿರು ಬಿಡುವಷ್ಟರಲ್ಲಿ ಮತ್ತೆ ಹೊರಟು ಸುರಪುರದ ರಸ್ತೆ ಹಿಡಿಯಿತು.

ಹಣಮಂತಮ್ಮ ಅಲ್ಲಿ ಬೆರಳಿಟ್ಟಳು.

“ಸಾಹುಕಾರ್ರ, ಶುಕ್ರವಾರದ ಜುಮ್ಮಾ ನಮಾಜ್ ಎರಡ ನಿಮಿಷದಾಗ ಮುಗೀತೈತೇನ್ರಿ?”

ಮಸ್ತಾನಸಾಬರು ಬೆಚ್ಚಿಬಿದ್ದರು. “ತೋಬಾ! ಖುತಬಾ ಪ್ರವಚನ ಕೇಳಬೇಕು, ನಮಾಜ್ ಆಗಬೇಕು. ಎರಡ ನಿಮಿಷದಾಗ ಚಪ್ಪಲಿ ಬಿಡೂದ ಆಗ್ತೈತಿ.”

“ಮುಷರಫ ಜುಮ್ಮಾ ತಪ್ಪಸಾಂವ ಅಲ್ಲ. ಗಾಡಿ ಹೋತು, ಇಂವ ಉಳದಾನ. ಹಂಗಾದ್ರ ಗಾಡ್ಯಾಗ ಯಾರಿದ್ರು?”

ಆಕೆ ಹಸಿರು ಗಾಡಿಯ ಹಿಸ್ಟರಿ ತೆರೆದಳು. ಕಿರಾಣಿ ಸಾಮಾನು ಒಯ್ದು ಸುರಪುರದಿಂದ ಖಾಲಿಯಾಗಿ ಮರಳುತ್ತಿದ್ದ ಹಸಿರು ಗಾಡಿ ಅದೇ ಮಸೀದಿಯ ಹತ್ತಿರ, ಅದೇ ಹೊತ್ತಿಗೆ ಬಂದು ನಿಂತಿತ್ತು. ಚಾವಿ ತೆಗೆದು, ಒಂದು ನಮಾಜು ಮುಗಿಯುವಷ್ಟು ಹೊತ್ತು. ಆಮೇಲೆ ನಿಧಾನವಾಗಿ, ತೊಟ್ಟಿಲಿನಂತೆ, ಯಾದಗಿರಿಯ ದಾರಿ ಹಿಡಿದು, ಹೊಳೆಯ ಈಚೆ ಚಹಾ ಅಂಗಡಿಯ ಮುಂದೆ ಸಂಜೆಯವರೆಗೆ ಕಾದಿತ್ತು. ಅಲ್ಲಿಗೆ ನೀಲಿ ಬಂದು ಸೇರಿದ ಮೇಲೆ ಎರಡೂ ಒಂದರ ಹಿಂದೊಂದು ಊರೊಳಗೆ ಬಂದಿದ್ದವು.

“ನಾ ಏನು ತಿಳಕೊಂಡಿದ್ದೆ ಅಂದ್ರ,” ಎಂದಳು ಹಣಮಂತಮ್ಮ ಸಾಯಿಕುಮಾರನ ಕಡೆ ತಿರುಗಿ, “ಈ ಮಗನಿಗೆ ಶುಕ್ರವಾರ ಚಹಾದ ಚಟ ಹೆಚ್ಚು ಅಂತ.”

ಸಾಯಿಕುಮಾರ ಬಾಗಿಲು ಬಿಟ್ಟು ಮುಂದೆ ಬಂದು ಹಸಿರು ಗಾಡಿಯ ಚಾವಿಯನ್ನೂ ಟೇಬಲ್ಲಿನ ಮೇಲಿಟ್ಟ. “ನಾನ ಓಡಿಸಿದ್ದು ರಿ ಅಕ್ಕಾ. ಮೂರೂ ಸಲ.”

“ಲೇ ಸುಮ್ಕಿರೋ” ಎಂದ ಮುಷರಫ.

“ನೀ ಸುಮ್ಕಿರು! ಮೂರು ವಾರ ನೀ ಬೈಸ್ಕೊಂಡದ್ದು ಸಾಕು.” ಸಾಯಿಕುಮಾರ ಒಂದೇ ಉಸಿರಿಗೆ ಹೇಳಿದ. “ಶುಕ್ರವಾರ ಇವನ ಗಾಡಿ ಶಹಾಪುರ ಮುಟ್ಟೂದ್ರಾಗ ನಮಾಜಿನ ಹೊತ್ತಾಗ್ತೈತಿ. ನಮಾಜ್ ಮುಗಿಸಿ ಹೋದ್ರ ಸುರಪುರದ ಅಂಗಡಿಯವ್ರು ಬಾಗಲಾ ಹಾಕ್ಕೊಂಡು ಊಟಕ್ಕ ಹೋಗಿರ್ತಾರ. ತತ್ತಿ ಬಿಸಲಾಗ ಕುಂಡ್ರತಾವ. ಅದಕ್ಕ ಗಾಡಿ ಅದಲಿ ಬದಲಿ ಮಾಡ್ಕೋತೀವ್ರಿ. ಅಮಾಸಿ ದಿನಾ ನಾ ಗಾಡಿ ಮುಟ್ಟಂಗಿಲ್ಲ, ನಮ್ಮವ್ವಗ ಮಾತು ಕೊಟ್ಟೀನಿ. ಅವತ್ತ ನನ್ನ ಟ್ರಿಪ್ಪೂ ಇವನೇ ಹೊಡಿತಾನ. ಎರಡು ಮೂರು ತಿಂಗಳಿಂದ ಹಿಂಗ ನಡದೈತಿ.”

“ಹೋದ್ರ ಹೋದಿ, ಎಂಬತ್ತೊಂದರಾಗ ಯಾಕ ಹೋದಿ?”

“ಬಾಗಲಾ ಹಾಕೂದ್ರಾಗ ಮುಟ್ಟಬೇಕಲ್ರಿ. ತಡಾ ಆದ್ರ ಹೆಸರು ಇವಂದು ಕೆಡ್ತೈತಿ.”

ಗೆಳೆಯನ ಹೆಸರು ಕೆಡಬಾರದೆಂದು ಓಡಿಸಿ ಓಡಿಸಿ, ಫೋನಿನಲ್ಲಿ ಅವನ ಹೆಸರನ್ನೇ ಕೆಡಿಸಿದ್ದ ಪುಣ್ಯಾತ್ಮ. ಇನ್ನು ಮುಷರಫ ಬಾಯಿ ಬಿಡಲಿಲ್ಲವೇಕೆ? ಅದಕ್ಕೂ ಲೆಕ್ಕವಿತ್ತು. ನಿಜ ಹೇಳಿದರೆ ಗಾಡಿ ಬದಲಿಸಿದ್ದಕ್ಕೆ ಇಬ್ಬರ ಕೆಲಸವೂ ಹೋಗುತ್ತದೆ, ಸುಮ್ಮನಿದ್ದರೆ ಒಬ್ಬನದೇ. ಗಾಡಿಗಳ ಗತಿ ನೋಡಲು ಹೋದ ನಮಗೆ ಈ ಇಬ್ಬರ ಗತಿ ನೋಡಿ ನಗಬೇಕೋ ಮುಖ ತಿರುಗಿಸಬೇಕೋ ತಿಳಿಯಲಿಲ್ಲ.

ಮಸ್ತಾನಸಾಬರು ಗಂಟಲು ಸರಿಮಾಡಿಕೊಂಡರು. “ಅದೆಲ್ಲಾ ಸರಿ. ಆದ್ರ ನನ್ನ ತತ್ತಿ?”

ಹಣಮಂತಮ್ಮ ಇನ್ನೂ ಫೋನ್ ನೋಡುತ್ತಿದ್ದಳು. ನೀಲಿ ಗಾಡಿಯ ಗುರುವಾರ ತೆಗೆದಳು, ಬುಧವಾರ ತೆಗೆದಳು, ಮತ್ತೆ ಶುಕ್ರವಾರಕ್ಕೆ ಬಂದಳು. ಹಿಂದಿನ ಎರಡು ಶುಕ್ರವಾರಗಳನ್ನೂ ನೋಡಿದಳು. ಆಮೇಲೆ ಫೋನನ್ನು ಮಸ್ತಾನಸಾಬರ ಕಡೆ ತಿರುಗಿಸಿದಳು.

“ಇದು ಯಾವ ಜಾಗಾ ರಿ?”

“ನನ್ನ ಗೋದಾಮ.”

“ದಿನಾ ಮುಂಜಾನೆ ಗಾಡಿ ಇಲ್ಲಿ ಬಂದು, ತುಂಬ್ಕೊಂಡು, ಲಗೂನ ಹೊಂಟೈತಿ. ಶುಕ್ರವಾರ ನೋಡ್ರಿ. ಬಂದದ್ದು ಅದ ಹೊತ್ತಿಗೆ. ಆದ್ರ ಚಾವಿ ತಗದು ಎಷ್ಟು ತಾಸು ನಿಂತೈತಿ? ಮೂರೂ ವಾರ.”

ಮಸ್ತಾನಸಾಬರು ಕನ್ನಡಕ ಏರಿಸಿ ನೋಡಿದರು. ಇಳಿಸಿ ಒರೆಸಿಕೊಂಡು ಮತ್ತೆ ನೋಡಿದರು. ಕನ್ನಡಕ ಎಷ್ಟು ಒರೆಸಿದರೂ ಗಾಡಿ ಗೋದಾಮಿನ ಮುಂದಿನಿಂದ ಕದಲಲಿಲ್ಲ.

“ಅದು… ಶುಕ್ರವಾರ ನಾ ಜಳಕಾ, ಬಟ್ಟಿ, ಅತ್ತರು ಎಲ್ಲಾ ಮುಗಿಸಿ ಬರೂದು ಸ್ವಲ್ಪ…” ಎಂದರು.

“ಸ್ವಲ್ಪ ಅಲ್ರಿ. ನೀವು ಅತ್ತರು ಹಚ್ಚೂದ್ರಾಗ ಇವರು ಇಲ್ಲಿ ತತ್ತರಿಸಿ ಹೋಗ್ಯಾರ. ಗೋದಾಮ ದಿನದ ಹೊತ್ತಿಗೆ ತಗದ್ರ ನೀಲಿ ನಮಾಜಿಗಿಂತ ಮೊದಲ ಸುರಪುರ ಮುಟ್ಟತೈತಿ. ಇಂವ ತತ್ತಿ ಇಳಿಸಿ ಅಲ್ಲೇ ಮಸೀದಿಗಿ ಹೋಗ್ತಾನ. ಅರವತ್ತು ಯಾಕ, ನಲವತ್ತರಾಗ ಹೋಗ್ಲಿ.”

ಒಂದು ಕ್ಷಣ ಕಚೇರಿಯಲ್ಲಿ ಬೋರ್ಡಿನ ಹೆಸರಿಗೆ ತಕ್ಕ ಮೌನ. ಹಣಮಂತಮ್ಮನ ದೊಡ್ಡ ಗಿರಾಕಿ ಅವರು, ಎದ್ದು ಹೋಗಬಹುದಿತ್ತು. ಮಸ್ತಾನಸಾಬರ ಹೊಟ್ಟೆ ಮೊದಲು ಅಲುಗಾಡಿತು, ಆಮೇಲೆ ನಗು ಹೊರಬಂತು. “ನಾ ಹಚ್ಚಸು ಅಂತ ಹೇಳಿದ ಮಿಶಿನ್ನು ನನ್ನ ಹಿಡೀತಲ್ರಿ! ಶುಕ್ರವಾರ ಗೋದಾಮಿನ ಚಾವಿ ನಮ್ಮ ರಾಬಿಯಾ ಕೈಯಾಗ ಕಳಸ್ತೀನಿ. ನನ್ನ ಮಗಳು ನನಗಿಂತ ಲಗೂ ಏಳ್ತಾಳ.” ನಂತರ ಟೇಬಲ್ಲಿನ ಕಡೆ ಕೈ ಮಾಡಿದರು. “ಹುಡುಗ್ರ ಚಾವಿ ವಾಪಸ್ ಕೊಡ್ರಿ. ನಂದೇನೂ ತಕರಾರಿಲ್ಲ.”

ಇಲ್ಲಿ ನಾನಾಗಿದ್ದರೆ ಎಲ್ಲರಿಗೂ ಚಹಾ ತರಿಸಿ ಕತೆ ಮುಗಿಸುತ್ತಿದ್ದೆ. ಹಣಮಂತಮ್ಮ ನೀಲಿ ಚಾವಿಯನ್ನು ಮಾತ್ರ ಮುಷರಫನ ಕಡೆ ದೂಡಿದಳು.

“ಇವನ ಹೆಸರಿಗೆ ಒಂದೂ ಅಲರ್ಟ್ ಇಲ್ಲ. ನಾವು ತಪ್ಪು ಹೆಸರಿಗೆ ಬರದಿದ್ವಿ.” ಸಾಯಿಕುಮಾರನತ್ತ ನೋಡಿದಳು. “ನಿನ್ನವು ಮೂರು. ತಡಾ ಯಾರಿಂದರ ಆಗಲಿ, ಆಕ್ಸಿಲೇಟರ್ ಮ್ಯಾಲೆ ಇದ್ದದ್ದು ನಿನ್ನ ಕಾಲು. ದಾರ್ಯಾಗ ಯಾರದರ ಕೂಸು ಅಡ್ಡ ಬಂದಿದ್ರ ಸುರಪುರದವ್ರ ಊಟದ ಹೊತ್ತು ನೋಡ್ತಿತ್ತೇನು?”

ಸಾಯಿಕುಮಾರ ತಲೆಯೆತ್ತಲಿಲ್ಲ. “ಇಲ್ರಿ.”

“ನನ್ನ ಮಾತಿನಂಗ ನಿನ್ನ ಚಾವಿ ನನ್ನ ಹತ್ರ. ಸಾಹುಕಾರ್ರು ತಕರಾರಿಲ್ಲ ಅಂದದ್ದಕ್ಕ ಮನಿಗಿ ಮಾತ್ರ ಕಳಸಂಗಿಲ್ಲ. ಹಸರ ಇಲ್ಲೇ ನಿಲ್ತೈತಿ. ನೀ ದಿನಾ ನೀಲಿ ಗಾಡ್ಯಾಗ ಮುಷರಫನ ಬಾಜೂಕ ಕುಂಡ್ರು. ತೊಡಿಮ್ಯಾಲ ಒಂದು ಟ್ರೇ ತತ್ತಿ ಇಟ್ಕೊಂಡು ಸುರಪುರ ತನಕ. ಎಷ್ಟು ಸ್ಪೀಡಿಗೆ ತತ್ತಿ ಹೆಂಗ ಹಾರ್ತಾವ ಅನ್ನೂದು ತೊಡಿಗೆ ತಿಳೀಲಿ. ಪಗಾರ ನಿಲ್ಲಂಗಿಲ್ಲ.”

ಹಸಿರು ಗಾಡಿ ನಿಂತರೆ ಅದರ ಬಾಡಿಗೆ ಹೋಗುವುದು ಆಕೆಯದೇ. ಶಿಕ್ಷೆಯಲ್ಲಿ ತನ್ನ ಪಾಲನ್ನೂ ಸೇರಿಸಿಕೊಂಡೇ ಕೊಟ್ಟಳು, ಯಾರಿಗೂ ಅದನ್ನು ಹೇಳಲಿಲ್ಲ. ಗಾಡಿ ಬದಲಿಸಿದ್ದರ ಬಗ್ಗೆ ಮುಷರಫನೇ ಅಂಜುತ್ತಾ ಕೇಳಿದಾಗ ಆಕೆ ನನ್ನ ಕಡೆ ಫೋನ್ ಚಾಚಿದಳು.

“ಈ ಡ್ರೈವರ್ ಹೆಸರು ಬದಲಿ ಮಾಡಾಕ ಬರ್ತೈತೇನ್ರಿ?”

“ಯಾವಾಗ ಬೇಕಾದರೂ ಬರುತ್ತದೆ” ಎಂದೆ.

“ಕಲಸ್ರಿ ಹಂಗಾದ್ರ. ಅಮಾಸಿಗಿ ಗಾಡಿ ಬದಲಾಗೂದಿದ್ರ ಮುಂಜಾನೆ ಬಂದು ನನಗ ಹೇಳಬೇಕು. ನಾ ಹೆಸರು ತಿದ್ದತೀನಿ, ಆಮ್ಯಾಲ ಚಾವಿ ತಿರುಗಬೇಕು. ಮುಚ್ಚಿಟ್ರ ಮಾತ್ರ ಇಬ್ರನ್ನೂ ಭೀಮಾ ಹೊಳ್ಯಾಗ ತೊಳದು ಬಿಡ್ತೀನಿ.”

ತನ್ನ ಕಚೇರಿಯ ಏಕೈಕ ಕಾನೂನನ್ನು ಇಷ್ಟು ಸದ್ದಿಲ್ಲದೆ ತಿದ್ದಿದವರನ್ನು ನಾನು ಕಂಡಿಲ್ಲ. ಸದ್ದು ಇರಲಿಲ್ಲ ಎನ್ನುವುದೇ ಆಕೆಯ ಮಟ್ಟಿಗೆ ದೊಡ್ಡ ಸುದ್ದಿ.

ಸಾಯಿಕುಮಾರ ತತ್ತಿಯ ಟ್ರೇ ತೊಡೆಯ ಮೇಲಿಟ್ಟುಕೊಂಡು ಓಡಾಡಿದ. ಶಹಾಪುರದ ಅಂಗಡಿಯವರು “ಏನೋ, ಕಾವಿಗೆ ಕುಂತಿಯೇನು? ಮರಿ ಯಾವಾಗ?” ಎಂದು ಕೇಳಿದರಂತೆ. ಮೂರನೆಯ ದಿನಕ್ಕೆ ಅವನೇ ಮುಷರಫನಿಗೆ “ಮೆಲ್ಲಕ ಹೋಗಪಾ, ಹಂಪ್ ಬಂತು” ಎನ್ನತೊಡಗಿದನಂತೆ, ಗಾಡಿ ನಲವತ್ತರಲ್ಲಿ ಇದ್ದಾಗ.

ಮುಂದಿನ ಶುಕ್ರವಾರ ರಾಬಿಯಾ ಹೊತ್ತಿಗೆ ಸರಿಯಾಗಿ ಗೋದಾಮು ತೆರೆದಳು. ನೀಲಿ ಗಾಡಿ ನಮಾಜಿಗೆ ಸಾಕಷ್ಟು ಮುಂಚೆಯೇ ಸುರಪುರ ಮುಟ್ಟಿತು. ಹಣಮಂತಮ್ಮನ ಫೋನು ದಿನವಿಡೀ ಕೂಗಲಿಲ್ಲ. ಅದು ಬಂದ್ ಆಗಿದೆಯೇನೋ ಎಂದು ಆಕೆ ನನ್ನಿಂದ ಒಂದು ಕರೆ ಮಾಡಿಸಿ ನೋಡಿದಳು.

ಸಂಜೆ ಗಾಡಿ ಮರಳಿತು. ಸಾಯಿಕುಮಾರ ಟ್ರೇ ಹಿಡಿದುಕೊಂಡು ಒಳಗೆ ಬಂದು ಟೇಬಲ್ಲಿನ ಮೇಲಿಟ್ಟ. ಹಣಮಂತಮ್ಮ ಒಂದೊಂದೇ ಮೊಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಒಂದೂ ಬಿರುಕಿರಲಿಲ್ಲ. ಆಕೆ ಡ್ರಾಯರ್ ತೆರೆದು ಹಸಿರು ಗಾಡಿಯ ಚಾವಿ ತೆಗೆದಳು.

“ನಾಳೆ ಕಿರಾಣಿ ಲೋಡ್ ಐತಿ. ಲಗೂ ಬಾ.”

ಸಾಯಿಕುಮಾರ ಚಾವಿ ಹಿಡಿದು ಹೊರಗೆ ಹೋದ. ವಾರದಿಂದ ನಿಂತ ಹಸಿರು ಗಾಡಿಯ ಮೇಲೆ ಯಾದಗಿರಿಯ ಧೂಳು ಚಾದರದಂತೆ ಕೂತಿತ್ತು. ಅವನು ಬಕೆಟ್ ಹುಡುಕುವಷ್ಟರಲ್ಲಿ ಮುಷರಫ ನಲ್ಲಿಯ ಪೈಪು ಹಿಡಿದು ನಿಂತಿದ್ದ.